ಉತ್ತರ ನಾಳೆ ಸಂಜೆ ಏಳಕ್ಕೆ

ಪುಸ್ತಕದಂಗಡಿಗಳ ಫೇಸ್‌ಬುಕ್ ಪುಟದಲ್ಲೋ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲೋ ಈಗ ವಾರಕ್ಕೊಂದು ರಸಪ್ರಶ್ನೆ ಕಾಣಿಸುವುದು ಮಾಮೂಲು. ಒಂದು ಮುಖಪುಟದ ಚಿತ್ರ, ಅದರ ಪಕ್ಕ ಒಂದು ಪ್ರಶ್ನೆ, ಕೆಳಗೆ ‘ಮೊದಲು ಸರಿಯುತ್ತರ ಹೇಳಿದವರಿಗೆ ಪುಸ್ತಕ ಬಹುಮಾನ’ ಎಂಬ ಸಾಲು. ಪ್ರಶ್ನೆ ಹೆಚ್ಚಾಗಿ ‘ಮಲೆಗಳಲ್ಲಿ ಮದುಮಗಳು ಬರೆದವರು ಯಾರು’ ಎಂಬ ಜಾತಿಯದು. ಅರ್ಧ ನಿಮಿಷದೊಳಗೆ ಯಾರೋ ಕುವೆಂಪು ಎಂದು ಬರೆದುಬಿಡುತ್ತಾರೆ, ಅಂಗಡಿಯವರು ಅಭಿನಂದನೆ ಹೇಳುತ್ತಾರೆ, ಅಲ್ಲಿಗೆ ಆಟ ಮುಗಿಯಿತು. ಆಮೇಲೆ ಬಂದು ನೋಡುವ ನೂರಾರು ಜನರಿಗೆ ಅಲ್ಲಿ ಮಾಡಲು ಕೆಲಸವೇ ಇಲ್ಲ. ಎರಡು ತಿಂಗಳು ಹೀಗೆ ನಡೆಸಿ, ಅದೇ ನಾಲ್ಕಾರು ಹೆಸರುಗಳು ತಿರುತಿರುಗಿ ಬರುವುದನ್ನು ಕಂಡು, ಬಹುಮಾನ ಸಾಲದೇನೋ ಎಂದುಕೊಂಡು ಅಂಗಡಿಯವರು ಅದನ್ನು ದೊಡ್ಡದು ಮಾಡುತ್ತಾರೆ. ಇನ್ನೂ ನಾಲ್ಕು ಜನ ಬರುತ್ತಾರೆ, ಬಹುಮಾನ ಬೇರೆಲ್ಲಿ ದೊಡ್ಡದಿದೆಯೋ ಅಲ್ಲಿಗೆ ಹೋಗುತ್ತಾರೆ. ರೋಗ ಇರುವುದು ಬೇರೆ ಕಡೆ ಎಂಬುದು ಈ ಲೇಖನದ ವಾದ. ಪ್ರಶ್ನೆ ಕೇಳಿದ ಗಳಿಗೆಗೂ ಉತ್ತರ ಹೇಳುವ ಗಳಿಗೆಗೂ ನಡುವೆ ಒಂದಷ್ಟು ಹೊತ್ತು ಇದೆಯಲ್ಲ, ರಸಪ್ರಶ್ನೆ ಬದುಕುವುದು ಅಷ್ಟು ಹೊತ್ತು ಮಾತ್ರ. ಎಂಥ ಪ್ರಶ್ನೆ, ಯಾರಿಗೆ ಬಹುಮಾನ, ಯಾವಾಗ ಉತ್ತರ ಎಂಬ ಮೂರೂ ತೀರ್ಮಾನಗಳು ಆ ಹೊತ್ತನ್ನು ಕಾಯುವಂತಿರಬೇಕು.

ಪತ್ರಿಕೆ ಓದುವವರಿಗೆ ಇದು ಹೊಸ ಸಂಗತಿಯೇನಲ್ಲ. ಪದಬಂಧದ ಉತ್ತರವನ್ನು ಪತ್ರಿಕೆಗಳು ಅದೇ ದಿನ ಕೊಡುವುದು ಕಡಿಮೆ, ಮರುದಿನವೋ ಮುಂದಿನ ವಾರವೋ ಕೊಡುತ್ತವೆ. ‘ಎಡದಿಂದ ಬಲಕ್ಕೆ ಏಳು’ ಬಿಡಿಸಲಾಗದೆ ಮಲಗಿದವರು ಮರುದಿನ ಪತ್ರಿಕೆ ಬಂದೊಡನೆ ಮೊದಲು ತೆರೆಯುವುದು ಆ ಪುಟವನ್ನು. ಹೀಗೆ ಕಾಯುವಾಗ ಮನಸ್ಸಿನಲ್ಲಿ ಏನಾಗುತ್ತದೆ ಎಂಬುದನ್ನು ಪ್ರಯೋಗಶಾಲೆಯಲ್ಲೂ ನೋಡಿದ್ದಾರೆ. ಅಮೆರಿಕದ ಕಾಲಿನ್ ಕ್ಯಾಮರರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ 40 ಸಾಮಾನ್ಯಜ್ಞಾನದ ಪ್ರಶ್ನೆಗಳನ್ನು ಕೊಟ್ಟು, ಪ್ರತಿಯೊಂದಕ್ಕೂ ಎರಡು ವಿಷಯ ಕೇಳಿದರು: ನಿಮ್ಮ ಉತ್ತರದ ಮೇಲೆ ನಿಮಗೆ ಎಷ್ಟು ನಂಬಿಕೆ? ಸರಿಯುತ್ತರ ತಿಳಿಯುವ ಕುತೂಹಲ ಎಷ್ಟು? ಏನೇನೂ ಗೊತ್ತಿಲ್ಲದ ಪ್ರಶ್ನೆಯ ಬಗ್ಗೆ ಕುತೂಹಲ ಕಡಿಮೆ. ಖಂಡಿತ ಗೊತ್ತು ಅನ್ನಿಸಿದ ಪ್ರಶ್ನೆಯ ಬಗ್ಗೆಯೂ ಕಡಿಮೆ. ಗೊತ್ತಿದೆಯೋ ಇಲ್ಲವೋ ಎಂಬ ನಡುವಿನ ಅನುಮಾನದಲ್ಲಿ ಕುತೂಹಲ ಎಲ್ಲಕ್ಕಿಂತ ಹೆಚ್ಚು. ಅಷ್ಟೇ ಅಲ್ಲ, ಕುತೂಹಲ ಹೆಚ್ಚಿದ್ದ ಪ್ರಶ್ನೆಗಳ ಉತ್ತರ ತಿಳಿಯಲು ಜನ ತಮ್ಮ ಕೈಯಲ್ಲಿದ್ದ ಟೋಕನ್ ಖರ್ಚು ಮಾಡಲು ಇಲ್ಲವೇ ಕಾದು ಕೂರಲು ಹೆಚ್ಚು ಸಿದ್ಧರಿದ್ದರು. ಒಂದೆರಡು ವಾರದ ನಂತರ ಕೇಳಿದಾಗ ಅಂಥ ಉತ್ತರಗಳೇ ಅವರಿಗೆ ಹೆಚ್ಚು ನೆನಪಿದ್ದವು. ಉತ್ತರವನ್ನು ಸ್ವಲ್ಪ ತಡೆದು ಕೊಟ್ಟರೆ ಕುತೂಹಲ ಇರುವವರಿಗೆ ಅದು ಚೆನ್ನಾಗಿ ನೆನಪಿರುತ್ತದೆ ಎಂದು 2014ರ ಇನ್ನೊಂದು ಅಧ್ಯಯನ ಕಂಡುಕೊಂಡಿತು. ಅಲ್ಲಿ ತಡೆದದ್ದು ಕೆಲವೇ ಸೆಕೆಂಡು, ಒಂದು ದಿನವಲ್ಲ. ಆದ್ದರಿಂದ 24 ಗಂಟೆಯ ಲೆಕ್ಕಕ್ಕೆ ಅದನ್ನು ಸಾಕ್ಷಿ ಮಾಡಿಕೊಳ್ಳುವುದು ಸರಿಯಲ್ಲ. ಅದಕ್ಕೆ ಬೇರೆ ಕಾರಣಗಳಿವೆ, ಮುಂದೆ ನೋಡೋಣ.

ಹಾಗಾದರೆ ಪುಸ್ತಕದಂಗಡಿಗೆ ಬೇಕಾದದ್ದು ಓದುಗರಿಗೆ ಅರ್ಧ ಗೊತ್ತಿರುವ ಪ್ರಶ್ನೆ. ಒಂದು ಉದಾಹರಣೆಯನ್ನೇ ಹಿಡಿದು ನೋಡುವುದು ಒಳ್ಳೆಯದು. ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ‘ಹಾರ್ಟ್ ಲ್ಯಾಂಪ್ ಯಾರ ಕೃತಿ’ ಎಂದು ಕೇಳಿದರೆ ಅದು ಕುವೆಂಪು ಪ್ರಶ್ನೆಯ ತಮ್ಮನಷ್ಟೇ. ಅದರ ಬದಲು ಹೀಗೆ ಕೇಳಿ: ‘ಹಾರ್ಟ್ ಲ್ಯಾಂಪ್‌ನಲ್ಲಿ 12 ಕಥೆಗಳಿವೆ. ಅವುಗಳಲ್ಲಿ ಎಲ್ಲಕ್ಕಿಂತ ಹಳೆಯದಕ್ಕೂ ಎಲ್ಲಕ್ಕಿಂತ ಹೊಸದಕ್ಕೂ ಎಷ್ಟು ವರ್ಷದ ಅಂತರ ಇದ್ದೀತು? ಊಹಿಸಿ.’ ಈ ಪುಸ್ತಕದ ಹೆಸರು ಕೇಳದ ಕನ್ನಡ ಓದುಗರು ಕಡಿಮೆ. ಆದ್ದರಿಂದ ‘ಇದು ನನಗೆ ಸಂಬಂಧಿಸಿದ್ದಲ್ಲ’ ಎಂದು ದಾಟಿಹೋಗುವವರೂ ಕಡಿಮೆ. ಬಾನು ಅವರ ‘ಎದೆಯ ಹಣತೆ’ ಎಂಬ ಸಂಕಲನ ಇದೆ ಎಂದು ತಿಳಿದವರು ಹಾರ್ಟ್ ಲ್ಯಾಂಪ್ ಅದರದೇ ಅನುವಾದ ಎಂದುಕೊಂಡು, ಒಂದು ಸಂಕಲನದ ಕಥೆಗಳೆಂದರೆ ನಾಲ್ಕೈದು ವರ್ಷದವು ಇರಬಹುದು ಎಂದು ಧೈರ್ಯವಾಗಿ ಹೇಳುತ್ತಾರೆ. ಉತ್ತರ 33. ಈ ಕಥೆಗಳು 1990ರಿಂದ 2023ರವರೆಗೆ ಬರೆದವು, ಒಂದೇ ಸಂಕಲನದವಲ್ಲ, ಲೇಖಕಿಯ ಕಥೆಗಳ ರಾಶಿಯಿಂದ ಅನುವಾದಕಿ ಆರಿಸಿಕೊಂಡವು. ಧೈರ್ಯವಾಗಿ ಹೇಳಿದ ತಪ್ಪನ್ನು ತಿದ್ದಿದಾಗ ಆ ತಿದ್ದುಪಡಿ ಅಳುಕುತ್ತ ಹೇಳಿದ ತಪ್ಪಿನ ತಿದ್ದುಪಡಿಗಿಂತ ಗಟ್ಟಿಯಾಗಿ ಕೂರುತ್ತದೆ ಎಂದು ಬಟರ್‌ಫೀಲ್ಡ್ ಮತ್ತು ಮೆಟ್‌ಕಾಫ್ 2001ರಲ್ಲೇ ತೋರಿಸಿದ್ದಾರೆ. ಅಂಗಡಿಯ ದೃಷ್ಟಿಯಿಂದ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಉತ್ತರ ಕೇಳಿದವರಿಗೆ ತಕ್ಷಣ ಹುಟ್ಟುವ ಮುಂದಿನ ಪ್ರಶ್ನೆ, ‘ಹಾಗಾದರೆ ಮೂಲ ಕಥೆಗಳು ಯಾವ ಯಾವ ಪುಸ್ತಕದಲ್ಲಿವೆ?’ ಅದಕ್ಕೆ ಉತ್ತರ ಅಂಗಡಿಯ ಕಪಾಟಿನಲ್ಲಿದೆ. ಪ್ರಶ್ನೆಯನ್ನು ಹೆಣೆಯುವಾಗ ಈ ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಬರುವುದು ಜಾಣತನ. ಯಾವ ಪುಸ್ತಕವನ್ನು ಜನ ಕೈಗೆತ್ತಿಕೊಂಡು ನೋಡಬೇಕು, ಅದರ ಬಗ್ಗೆ ಅವರಿಗಿರುವ ತಪ್ಪು ನಂಬಿಕೆ ಯಾವುದು, ಆ ನಂಬಿಕೆ ಹೊರಬರುವಂತೆ ಏನು ಕೇಳಬೇಕು ಎಂಬ ಕ್ರಮದಲ್ಲಿ.

ಊಹೆಯ ಸಂಖ್ಯೆ ಕೇಳುವುದರಿಂದ ಇನ್ನೊಂದು ತೊಡಕೂ ತಪ್ಪುತ್ತದೆ. ಹೆಸರು ಕೇಳುವ ಪ್ರಶ್ನೆಯಲ್ಲಿ ಪೋಸ್ಟಿನ ಕೆಳಗೆ ಮೊದಲು ಬಂದ ಸರಿಯುತ್ತರವೇ ಎಲ್ಲರಿಗೂ ಉತ್ತರ ಹೇಳಿಬಿಡುತ್ತದೆ. ಸಂಖ್ಯೆಯಲ್ಲಿ ಹಾಗಾಗುವುದಿಲ್ಲ. ಒಬ್ಬರು 5 ಎನ್ನುತ್ತಾರೆ, ಇನ್ನೊಬ್ಬರು 12, ಮತ್ತೊಬ್ಬರು 30. ಯಾವುದು ಸರಿ ಎಂದು ನೋಡುವವರಿಗೆ ತಿಳಿಯದು, ಹಾಗಾಗಿ ತಮ್ಮದೊಂದು ಸೇರಿಸುತ್ತಾರೆ. ಆದರೆ ಸಂಖ್ಯೆಯ ಜೊತೆ ಜಗಳವೂ ಬರುತ್ತದೆ. 1990 ಮತ್ತು 2023 ಎರಡನ್ನೂ ಸೇರಿಸಿ ಎಣಿಸಿದವರು 34 ಎನ್ನುತ್ತಾರೆ, ಅವರದು ತಪ್ಪು ಎನ್ನಲಾದೀತೇ? ‘ಒಂದು ವರ್ಷ ಆಚೀಚೆಯಾದರೂ ಸರಿ, ಯಾರದ್ದೂ ಅಷ್ಟು ಹತ್ತಿರ ಬರದಿದ್ದರೆ ಅತ್ಯಂತ ಸಮೀಪದ ಊಹೆಗೆ ಬಹುಮಾನ, ವಿವರ ಪ್ರಶಸ್ತಿ ಸಂಸ್ಥೆ ಕೊಟ್ಟಂತೆ’ ಎಂಬ ಒಂದು ಸಾಲನ್ನು ಪ್ರಶ್ನೆಯ ಜೊತೆಗೇ ಹಾಕಿಬಿಟ್ಟರೆ ಆ ಜಗಳ ಇಲ್ಲ.

ಜಗಳ ತರುವ ಪ್ರಶ್ನೆಗಳು ಕನ್ನಡದಲ್ಲಿ ಬೇಕಾದಷ್ಟಿವೆ, ಮತ್ತು ಅವೇ ಅಂಗಡಿಯವರ ಅಚ್ಚುಮೆಚ್ಚಿನವು. ‘ಕನ್ನಡದ ಮೊದಲ ಕಾದಂಬರಿ ಯಾವುದು’ ಎಂದು ಕೇಳಿ ನೋಡಿ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಎಂದು ಅಂಗಡಿಯವರು ಬರೆದುಕೊಂಡಿರುತ್ತಾರೆ. ಅದು 1899ರದು, ಸಾಮಾಜಿಕ ಕಾದಂಬರಿಗಳಲ್ಲಿ ಮೊದಲನೆಯದು ಎಂದು ಹೆಸರಾದದ್ದು. ಕೆಂಪುನಾರಾಯಣನ ‘ಮುದ್ರಾಮಂಜೂಷ’ 1823ರದಲ್ಲವೇ ಎಂದು ಒಬ್ಬ ಮೇಷ್ಟ್ರು ಕೇಳಿದರೆ ಅಂಗಡಿಯವರ ಬಾಯಿ ಕಟ್ಟಿತು. ‘ಮಾಸ್ತಿಯವರ ಯಾವ ಕೃತಿಗೆ ಜ್ಞಾನಪೀಠ ಬಂತು’ ಎಂಬುದೂ ಹೀಗೆಯೇ. ಚಿಕವೀರ ರಾಜೇಂದ್ರ ಎಂಬ ಉತ್ತರ ಎಲ್ಲ ಸ್ಪರ್ಧಾ ಪರೀಕ್ಷೆಯ ಪುಸ್ತಕಗಳಲ್ಲಿದೆ. ಮಾಸ್ತಿಯವರಿಗೆ ಬಂದದ್ದು 1983ರ ಪ್ರಶಸ್ತಿ. ಒಂದೇ ಕೃತಿಗೆ ಕೊಡುವ ಪದ್ಧತಿ ಬಿಟ್ಟು ಒಟ್ಟು ಸಾಧನೆಗೆ ಕೊಡಲು ಜ್ಞಾನಪೀಠದವರು ಶುರುಮಾಡಿದ್ದು 1980ರ ದಶಕದ ಆರಂಭದಲ್ಲೇ. ಗೊತ್ತಿರುವವರು ಇದನ್ನು ಎತ್ತಿಯೇ ಎತ್ತುತ್ತಾರೆ. ಜಗಳದಿಂದ ಓಡಾಟ ಹೆಚ್ಚುತ್ತದಲ್ಲ, ಒಳ್ಳೆಯದೇ ಆಯಿತು ಎನ್ನುವ ವಾದವೂ ಇದೆ. ಎರಡು ದಿನಕ್ಕೆ ನಿಜ. ಆದರೆ ಪುಸ್ತಕದಂಗಡಿ ಮಾರುವುದೇ ನಂಬಿಕೆಯನ್ನು. ಸರಿಯುತ್ತರ ಕೊಟ್ಟವನನ್ನು ತಪ್ಪೆಂದು ಹಿಂದೆ ಕಳಿಸಿದ ಅಂಗಡಿಯಲ್ಲಿ ‘ಈ ಎರಡು ಅನುವಾದಗಳಲ್ಲಿ ಯಾವುದು ಚೆನ್ನಾಗಿದೆ’ ಎಂದು ಯಾರು ಕೇಳುತ್ತಾರೆ? ಪ್ರಶ್ನೆ ಹಾಕುವ ಮೊದಲು ಎರಡು ಬೇರೆ ಬೇರೆ ಮೂಲಗಳಲ್ಲಿ ಉತ್ತರ ನೋಡಿ, ಹೊಂದದಿದ್ದರೆ ಆ ಪ್ರಶ್ನೆಯನ್ನು ಬಿಟ್ಟುಬಿಡುವುದು ಲೇಸು.

ಈಗ ಹೊತ್ತಿನ ಮಾತು. ಎಷ್ಟು ಕಾಯಿಸಬೇಕು? ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳು ಪೋಸ್ಟುಗಳನ್ನು ಬಂದ ಹೊತ್ತಿನ ಸಾಲಿನಲ್ಲೇ ತೋರಿಸುವುದಿಲ್ಲ. ಸಂಜೆ ಏಳಕ್ಕೆ ಹಾಕಿದ್ದು ಕೆಲವರಿಗೆ ಆಗಲೇ ಕಾಣುತ್ತದೆ, ಕೆಲವರಿಗೆ ಮರುದಿನ ಮಧ್ಯಾಹ್ನ. ಎರಡು ಗಂಟೆಯಲ್ಲಿ ಉತ್ತರ ಹೇಳಿದರೆ ಮರುದಿನ ನೋಡುವವರಿಗೆ ಪ್ರಶ್ನೆಯೂ ಉತ್ತರವೂ ಒಟ್ಟಿಗೇ ಸಿಗುತ್ತವೆ, ಯೋಚಿಸುವ ಕೆಲಸವೇ ಹೋಯಿತು. ನಾಲ್ಕು ದಿನ ಕಾಯಿಸಿದರೆ ಪ್ರಶ್ನೆ ಏನಿತ್ತೆಂದೇ ಮರೆತಿರುತ್ತದೆ. ವಾಟ್ಸ್‌ಆ್ಯಪ್ ಸ್ಟೇಟಸ್ಸೂ ಇನ್‌ಸ್ಟಾಗ್ರಾಮ್ ಸ್ಟೋರಿಯೂ 24 ಗಂಟೆಯಾದ ಮೇಲೆ ತಾವಾಗಿಯೇ ಅಳಿಸಿಹೋಗುತ್ತವೆ. ಅದೇ ಗಡಿಯನ್ನು ನಿಯಮ ಮಾಡಿಕೊಂಡರೆ ಸುಲಭ: ಶುಕ್ರವಾರ ಸಂಜೆ ಏಳಕ್ಕೆ ಪ್ರಶ್ನೆ, ಶನಿವಾರ ಸಂಜೆ ಏಳಕ್ಕೆ ಉತ್ತರ. ಶನಿವಾರ ರಾತ್ರಿ ಉತ್ತರ ಓದಿ ‘ಆ ಮೂಲ ಕಥೆಗಳು ಬೇಕಲ್ಲ’ ಅನ್ನಿಸಿದವರಿಗೆ ಭಾನುವಾರ ಅಂಗಡಿಗೆ ಬರಲು ಬಿಡುವಿರುತ್ತದೆ. ಭಾನುವಾರ ಬಾಗಿಲು ಹಾಕುವ ಅಂಗಡಿಯಾದರೆ ಇಡೀ ಲೆಕ್ಕವನ್ನು ಒಂದು ದಿನ ಹಿಂದಕ್ಕೆ ತಳ್ಳಬೇಕು. ಇಲ್ಲದಿದ್ದರೆ ಸೋಮವಾರದ ಹೊತ್ತಿಗೆ ಆ ಆಸೆ ಆರಿಹೋಗಿರುತ್ತದೆ. ‘ಉತ್ತರ ನಾಳೆ ಸಂಜೆ ಏಳಕ್ಕೆ’ ಎಂಬ ಸಾಲು ಪ್ರಶ್ನೆಯಲ್ಲೇ ಇರಬೇಕು. ‘ಶೀಘ್ರದಲ್ಲೇ’ ಎಂದು ಬರೆದರೆ ಕಾಯುವವರು ಯಾವಾಗ ಬರಬೇಕೆಂದು ಗೊತ್ತಿಲ್ಲದೆ ಬರುವುದೇ ಇಲ್ಲ. ಏಳಕ್ಕೆ ಎಂದು ಹೇಳಿ ಒಂಬತ್ತಕ್ಕೆ ಕೊಟ್ಟರೂ ಅಷ್ಟೇ. ಶನಿವಾರ ಸಂಜೆ ಅಂಗಡಿಯಲ್ಲಿ ಗಿರಾಕಿಗಳ ಗದ್ದಲ ಇರುವುದು ಸಹಜ, ಅದಕ್ಕೇ ಉತ್ತರದ ಬರಹವನ್ನು ಶುಕ್ರವಾರವೇ ಬರೆದಿಟ್ಟು, ವಿಜೇತರ ಹೆಸರಿಗೆ ಮಾತ್ರ ಜಾಗ ಬಿಟ್ಟಿರಬೇಕು.

ಇಲ್ಲಿ ಒಂದು ಸಲಕರಣೆಯ ಬಗ್ಗೆ ಎಚ್ಚರ ಬೇಕು. ಇನ್‌ಸ್ಟಾಗ್ರಾಮ್ ಸ್ಟೋರಿಯಲ್ಲಿ ‘ಕ್ವಿಜ್’ ಎಂಬ ಸ್ಟಿಕ್ಕರ್ ಇದೆ. ಹೆಸರು ನೋಡಿ ಎಲ್ಲರೂ ಅದನ್ನೇ ಬಳಸುತ್ತಾರೆ. ಅದರಲ್ಲಿ ಓದುಗ ಒಂದು ಆಯ್ಕೆಯನ್ನು ಒತ್ತಿದ ಕ್ಷಣವೇ ಸರಿಯೋ ತಪ್ಪೋ ಎಂದು ತೋರಿಸಿಬಿಡುತ್ತದೆ. ಕಾಯುವ ಮಾತೇ ಇಲ್ಲ, ಮರುದಿನ ಬರುವ ಕಾರಣವೂ ಇಲ್ಲ. ಉತ್ತರಗಳನ್ನು ಸುಮ್ಮನೆ ಸಂಗ್ರಹಿಸಿ ಅಂಗಡಿಯವರಿಗೆ ಮಾತ್ರ ತೋರಿಸುವ ‘ಪ್ರಶ್ನೆ’ ಸ್ಟಿಕ್ಕರ್ ಈ ಕೆಲಸಕ್ಕೆ ಹೊಂದುತ್ತದೆ. ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಬರುವ ಉತ್ತರವೂ ನೇರ ಅಂಗಡಿಯ ಫೋನಿಗೇ ಬರುತ್ತದೆ, ಬೇರೆಯವರಿಗೆ ಕಾಣದು. ಹೆಸರನ್ನೇ ಕೇಳಲೇಬೇಕಾದ ಪ್ರಶ್ನೆಗಳಿಗೆ ಇದೇ ದಾರಿ.

‘ಮೊದಲ ಸರಿಯುತ್ತರಕ್ಕೆ ಬಹುಮಾನ’ ಎಂಬ ನಿಯಮವನ್ನು ಬಿಡಲು ಇಷ್ಟು ಹೇಳಿದರೆ ಸಾಕಾಗಬಹುದು, ಆದರೂ ಅಂಗಡಿಯವರು ಅದನ್ನು ಬಿಡುವುದಿಲ್ಲ. ಏಕೆಂದರೆ ಅದು ನ್ಯಾಯದ ಹಾಗೆ ಕಾಣುತ್ತದೆ. ಬೇಗ ಹೇಳಿದವನು ಗೆದ್ದ, ಯಾರೂ ತಕರಾರು ಮಾಡುವಂತಿಲ್ಲ. ನಿಜಕ್ಕೂ ಅಲ್ಲಿ ಗೆಲ್ಲುವುದು ಪೋಸ್ಟು ಯಾರಿಗೆ ಮೊದಲು ಕಂಡಿತೋ ಅವರು, ಮತ್ತು ಯಾರಿಗೆ ಮೊದಲು ಕಾಣಬೇಕೆಂದು ತೀರ್ಮಾನಿಸುವುದು ಫೋನಿನಾಚೆಯ ಕಂಪನಿ. ಸಂಜೆ ಏಳಕ್ಕೆ ಬಸ್ಸಿನಲ್ಲಿದ್ದವರಿಗೆ, ಅಡುಗೆಮನೆಯಲ್ಲಿದ್ದವರಿಗೆ ಅವಕಾಶವೇ ಇಲ್ಲ. ಗಡುವಿನೊಳಗೆ ಬಂದ ಎಲ್ಲ ಸರಿಯುತ್ತರಗಳ ಚೀಟಿ ಬರೆದು ಒಂದನ್ನು ಎತ್ತುವ ಪದ್ಧತಿಯಲ್ಲಿ ಶನಿವಾರ ಆರೂವರೆಗೆ ಉತ್ತರಿಸಿದವರಿಗೂ ಶುಕ್ರವಾರ ಏಳೂಕಾಲಿಗೆ ಉತ್ತರಿಸಿದವರಿಗೂ ಒಂದೇ ಅವಕಾಶ. ಆಟ ಕೊನೆಯ ನಿಮಿಷದವರೆಗೂ ತೆರೆದಿರುತ್ತದೆ. ಚೀಟಿ ಎತ್ತುವುದನ್ನು ಆಗ ಅಂಗಡಿಯಲ್ಲಿರುವ ಯಾರಾದರೊಬ್ಬ ಗಿರಾಕಿಯ ಕೈಯಲ್ಲಿ ಮಾಡಿಸಿ, ಹತ್ತು ಸೆಕೆಂಡಿನ ವಿಡಿಯೊ ತೆಗೆದು ಉತ್ತರದ ಜೊತೆ ಹಾಕಿದರೆ ‘ನಿಮ್ಮ ನೆಂಟರಿಗೇ ಕೊಟ್ಟಿರಿ’ ಎನ್ನುವ ಬಾಯಿಗಳೂ ಮುಚ್ಚುತ್ತವೆ.

ಬಹುಮಾನ ಎಷ್ಟಿರಬೇಕು ಎಂಬುದರ ಬಗ್ಗೆ ಉರಿ ಗ್ನೀಜಿ, ಆಲ್ಡೊ ರುಸ್ಟಿಚಿನಿ 2000ದಲ್ಲಿ ಪ್ರಕಟಿಸಿದ ಇಸ್ರೇಲಿನ ಪ್ರಯೋಗವೊಂದು ಬಹಳ ಹೇಳುತ್ತದೆ. ಹೈಫಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಬುದ್ಧಿಮತ್ತೆಯ 50 ಪ್ರಶ್ನೆ ಕೊಟ್ಟರು. ಸರಿಯುತ್ತರಕ್ಕೆ ಏನೂ ಕೊಡದ ಗುಂಪು ಸರಾಸರಿ 28 ಪ್ರಶ್ನೆ ಬಿಡಿಸಿತು. ಒಂದು ಸರಿಯುತ್ತರಕ್ಕೆ ಶೆಕೆಲ್‌ನ ಹತ್ತನೆಯ ಒಂದು ಭಾಗ, ಅಂದರೆ ಚಿಲ್ಲರೆ ಕಾಸು ಕೊಟ್ಟ ಗುಂಪು 23ಕ್ಕೆ ಇಳಿಯಿತು. ಒಂದು ಶೆಕೆಲ್ ಕೊಟ್ಟ ಗುಂಪು 34 ದಾಟಿತು. ಸಣ್ಣ ಹಣ ಏನೂ ಇಲ್ಲದ್ದಕ್ಕಿಂತಲೂ ಕೆಟ್ಟದ್ದು ಎಂದಾಯಿತು. ಹಾಗಾದರೆ ಸಣ್ಣ ಬಹುಮಾನವೇ ತಪ್ಪೇ? ಇಲ್ಲ, ಸಣ್ಣ ‘ಹಣ’ ತಪ್ಪು. ಜೇಮ್ಸ್ ಹೇಮನ್ ಮತ್ತು ಡ್ಯಾನ್ ಆರಿಯಲಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲಸಕ್ಕೆ ಹಣದ ಬದಲು ಮಿಠಾಯಿ ಕೊಟ್ಟು ನೋಡಿದರು. ಮಿಠಾಯಿಯನ್ನು ಉಡುಗೊರೆಯಾಗಿ ಕೊಟ್ಟಾಗ, ಅದು ಸಣ್ಣದಿದ್ದರೂ ಜನರ ಉಮೇದು ತಗ್ಗಲಿಲ್ಲ. ಅದೇ ಮಿಠಾಯಿಯ ಬೆಲೆಯನ್ನು ಬಾಯಿಬಿಟ್ಟು ಹೇಳಿದಾಗ ಜನ ಅದನ್ನು ಕೂಲಿಯ ಹಾಗೆ ಅಳೆದರು, ಉಮೇದು ತಗ್ಗಿತು. ಅಂಗಡಿಗೆ ಇದರಿಂದ ಸಿಗುವ ಪಾಠ ನೇರವಾದದ್ದು. ‘₹100 ಬಹುಮಾನ’ ಎನ್ನಬೇಡಿ. ‘₹500ರ ಖರೀದಿಗೆ ₹50 ರಿಯಾಯಿತಿ ಕೂಪನ್’ ಎನ್ನುವುದಂತೂ ಬಹುಮಾನವೇ ಅಲ್ಲ, ಗೆದ್ದವನ ಜೇಬಿಗೆ ಕೈಹಾಕುವ ಉಪಾಯ. ತೆಳ್ಳನೆಯ ಒಂದು ಕಥಾಸಂಕಲನ, ಬೆಲೆ ಹೇಳದೆ, ಒಳಪುಟದಲ್ಲಿ ಈ ವಾರದ ಪ್ರಶ್ನೆಯನ್ನೂ ಗೆದ್ದವರ ಹೆಸರನ್ನೂ ಮಸಿಯಲ್ಲಿ ಬರೆದು ಕೊಟ್ಟರೆ ಅದಕ್ಕೆ ಬೆಲೆ ಕಟ್ಟಲು ಯಾರಿಗೂ ಮನಸ್ಸಾಗದು. ಮೂರು ಪುಸ್ತಕ ಮುಂದಿಟ್ಟು ಒಂದನ್ನು ಆರಿಸಿಕೊಳ್ಳಿ ಎಂದರೆ ಮನೆಯಲ್ಲಿರುವ ಪುಸ್ತಕವೇ ಮತ್ತೆ ಬಂತು ಎಂಬ ನಿರಾಸೆಯೂ ಇಲ್ಲ.

ಖರ್ಚಿನ ಲೆಕ್ಕ ಸಣ್ಣದೇ. ಮೈಸೂರಿನಂಥ ಊರಿನಲ್ಲಿ ಒಂದು ಮಧ್ಯಮ ಗಾತ್ರದ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ₹150 ಮುಖಬೆಲೆಯ ಪುಸ್ತಕ ಪ್ರಕಾಶಕರಿಂದ 30% ಕಳೆದು ಬಂದಿದ್ದರೆ ಅಂಗಡಿಗೆ ಅದು ₹105. ವಾರಕ್ಕೊಂದರಂತೆ ತಿಂಗಳಿಗೆ ನಾಲ್ಕಾದರೂ ₹420. ಗೆದ್ದವರು ಅಂಗಡಿಗೇ ಬಂದು ತೆಗೆದುಕೊಂಡು ಹೋಗುವಂತಾದರೆ ಅಂಚೆಯ ಖರ್ಚಿಲ್ಲ, ಬಂದವರು ಬರಿಗೈಯಲ್ಲಿ ಹೋಗುವುದೂ ಕಡಿಮೆ. ದೂರದ ಊರಿನವರಿಗೆ ಕಳಿಸಬೇಕಾದಾಗ ಅಂಚೆಯವರ ‘ಜ್ಞಾನ ಪೋಸ್ಟ್’ ಇದೆ. 2025ರ ಮೇ ತಿಂಗಳಲ್ಲಿ ಶುರುವಾದಾಗ 300 ಗ್ರಾಂವರೆಗಿನ ಪುಸ್ತಕಕ್ಕೆ ₹20 ಎಂದು ದರ ಗೊತ್ತುಮಾಡಿದ್ದರು. ಬಹುಮಾನದ ಪೊಟ್ಟಣ ಅದಕ್ಕೆ ಸಲ್ಲುತ್ತದೆಯೇ ಎಂದು ಕೌಂಟರಿನಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಎಲ್ಲರ ಕೈಯಲ್ಲೂ ಗೂಗಲ್ ಇರುವಾಗ ರಸಪ್ರಶ್ನೆಗೆ ಅರ್ಥವೇನು ಎಂಬ ಆಕ್ಷೇಪಣೆ ಗಟ್ಟಿಯಾದದ್ದು. ಹಾರ್ಟ್ ಲ್ಯಾಂಪ್ ಪ್ರಶ್ನೆಯ ಉತ್ತರವೂ ಹುಡುಕಿದರೆ ಸಿಗುತ್ತದೆ. ಹುಡುಕುವವರನ್ನು ತಡೆಯುವ ಉಪಾಯ ಇಲ್ಲ, ತಡೆಯಬೇಕಾದ ಅಗತ್ಯವೂ ಅಷ್ಟಾಗಿ ಇಲ್ಲ. ಒಂದು ಪುಸ್ತಕದ ಬಗ್ಗೆ ಹತ್ತು ನಿಮಿಷ ಹುಡುಕಿ ಓದಿದವನು ಅಂಗಡಿಗೆ ನಷ್ಟವೇನೂ ಮಾಡಲಿಲ್ಲ. ಆದರೆ ಹುಡುಕುವವರಿಂದಾಗಿ ಊಹಿಸುವವರು ಹಿಂಜರಿಯುವುದು ನಿಜವಾದ ನಷ್ಟ. ಅದಕ್ಕೆ ಬಹುಮಾನವನ್ನು ಎರಡು ಮಾಡಿಕೊಳ್ಳಬಹುದು: ಒಂದು ಸರಿಯುತ್ತರಗಳ ಚೀಟಿಗೆ, ಇನ್ನೊಂದು ಅಂಗಡಿಯವರಿಗೆ ಅತ್ಯಂತ ಹಿಡಿಸಿದ ತಪ್ಪುತ್ತರಕ್ಕೆ. ‘ಐದು ವರ್ಷ, ಯಾಕೆಂದರೆ ಎಲ್ಲದರಲ್ಲೂ ಒಂದೇ ಓಣಿಯ ವಾಸನೆ’ ಎಂದು ಯಾರಾದರೂ ಬರೆದರೆ ಅದು ತಪ್ಪಾದರೂ ಓದಿದವನ ಉತ್ತರ. ಹುಡುಕಾಟದಿಂದ ಅಂಥದ್ದು ಬರುವುದಿಲ್ಲ. ಈ ಎರಡನೆಯ ಬಹುಮಾನಕ್ಕೆ ಪುಸ್ತಕವೇ ಬೇಕೆಂದಿಲ್ಲ, ಉತ್ತರದ ಪೋಸ್ಟಿನಲ್ಲಿ ಅವರ ಒಪ್ಪಿಗೆ ಪಡೆದು ಹೆಸರಿನೊಂದಿಗೆ ಆ ಸಾಲನ್ನು ಹಾಕಿದರೂ ಸಾಕು.

ಕಾನೂನಿನ ಸಂಗತಿಯನ್ನು ಅಂಗಡಿಯವರು ನೆನೆಯುವುದೇ ಇಲ್ಲ. ಕರ್ನಾಟಕದ ಮಟ್ಟಿಗೆ ಇದಕ್ಕೊಂದು ಹಳೆಯ ನಂಟಿದೆ. ಬೆಂಗಳೂರಿನಿಂದ ಪ್ರಕಟವಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಇಂಗ್ಲಿಷ್ ವಾರಪತ್ರಿಕೆ ಪ್ರವೇಶಶುಲ್ಕದ ಪದಬಂಧ ಸ್ಪರ್ಧೆ ನಡೆಸುತ್ತಿತ್ತು, ಮುಂಬಯಿ ಪ್ರಾಂತದಲ್ಲಿ ಅದು ಭಾರೀ ಜನಪ್ರಿಯ. ಮುಂಬಯಿ ಸರ್ಕಾರದ ಜೊತೆ ನಡೆದ ಮೊಕದ್ದಮೆ ಸುಪ್ರೀಂ ಕೋರ್ಟ್‌ ಮುಟ್ಟಿ 1957ರಲ್ಲಿ ತೀರ್ಪಾಯಿತು. ಒಂದೇ ಸುಳಿವಿಗೆ ಎರಡು ಪದ ಹೊಂದುವಲ್ಲಿ ಯಾವುದು ಹೆಚ್ಚು ಸೂಕ್ತ ಎಂದು ಯೋಚಿಸಿ ಪ್ರಯೋಜನವಿರಲಿಲ್ಲ. ಸಂಘಟಕರು ಮೊದಲೇ ಗೊತ್ತುಮಾಡಿಟ್ಟ ಉತ್ತರಕ್ಕೆ ತಾಳೆಯಾಗಬೇಕಿತ್ತು. ಹಾಗಾಗಿ ಅದು ಜಾಣ್ಮೆಯ ಆಟವಲ್ಲ, ಜೂಜು ಎಂದು ನ್ಯಾಯಾಲಯ ಹೇಳಿತು. ಪುಸ್ತಕದಂಗಡಿಯ ಉಚಿತ ರಸಪ್ರಶ್ನೆ ಆ ಮಟ್ಟದ್ದಲ್ಲ. ಆದರೂ ಎಚ್ಚರ ಅದೇ: ಭಾಗವಹಿಸಲು ಹಣ ಕೇಳಬೇಡಿ, ಪುಸ್ತಕ ಕೊಂಡವರಿಗೆ ಮಾತ್ರ ಎನ್ನಬೇಡಿ, ಉತ್ತರ ಎಲ್ಲರೂ ಒರೆಗೆ ಹಚ್ಚಬಹುದಾದದ್ದಿರಲಿ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಮಾರಾಟ ಹೆಚ್ಚಿಸಲೆಂದು ನಡೆಸುವ ಸ್ಪರ್ಧೆಗಳನ್ನೇ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿಟ್ಟು ನೋಡುತ್ತದೆ, ಹೇಳಿದ ಬಹುಮಾನ ಕೊಡದಿರುವುದನ್ನೂ, ಯೋಜನೆ ಮುಗಿದ ಮೇಲೆ ಫಲಿತಾಂಶವನ್ನು ಭಾಗವಹಿಸಿದವರಿಂದ ಮುಚ್ಚಿಡುವುದನ್ನೂ ಅದೇ ಪಟ್ಟಿಗೆ ಸೇರಿಸುತ್ತದೆ. ಅಂದರೆ ಉತ್ತರವನ್ನೂ ವಿಜೇತರನ್ನೂ ಹೇಳಿದ ಹೊತ್ತಿಗೆ, ಪ್ರಶ್ನೆ ಹಾಕಿದ ಜಾಗದಲ್ಲೇ ಪ್ರಕಟಿಸುವುದು ಬರೀ ಸೌಜನ್ಯವಲ್ಲ. ಟಿವಿಯನ್ನೋ ಸ್ಕೂಟರನ್ನೋ ಬಹುಮಾನವಾಗಿಡುವ ಉಮೇದು ಬಂದವರು ಮೊದಲು ವಕೀಲರನ್ನು ಕಾಣಲಿ.

ಫೇಸ್‌ಬುಕ್ಕಿನದೇ ನಿಯಮವೂ ಇದೆ. ‘ಮೂವರು ಗೆಳೆಯರನ್ನು ಟ್ಯಾಗ್ ಮಾಡಿ, ನಿಮ್ಮ ಗೋಡೆಯಲ್ಲಿ ಹಂಚಿಕೊಳ್ಳಿ, ಬಹುಮಾನ ಗೆಲ್ಲಿ’ ಎಂಬ ಷರತ್ತು ಹಾಕುವಂತಿಲ್ಲ. ಸುಮ್ಮನೆ ಲೈಕು, ಟ್ಯಾಗು ಬೇಡುವ ಪೋಸ್ಟುಗಳನ್ನು ಕೆಳಕ್ಕೆ ತಳ್ಳುತ್ತೇವೆ ಎಂದು ಆ ಕಂಪನಿ 2017ರ ಡಿಸೆಂಬರ್‌ನಲ್ಲೇ ಹೇಳಿದೆ. ಬೆನ್ನುಹತ್ತುವ ಇನ್ನೊಂದು ಪೀಡೆ ಮೋಸಗಾರರದ್ದು. ಅಂಗಡಿಯ ಹೆಸರಿನಲ್ಲೇ, ಅದೇ ಲೋಗೊ ಹಾಕಿ ನಕಲಿ ಖಾತೆ ತೆರೆದು, ಉತ್ತರ ಕೊಟ್ಟವರಿಗೆಲ್ಲ ‘ನೀವು ಗೆದ್ದಿದ್ದೀರಿ, ಕೊರಿಯರ್ ಖರ್ಚಿಗೆ ₹49 ಕಳಿಸಿ, ಬಂದ ಒಟಿಪಿ ಹೇಳಿ’ ಎಂದು ಸಂದೇಶ ಕಳಿಸುತ್ತಾರೆ. ‘ಗೆದ್ದವರಿಂದ ಹಣವನ್ನಾಗಲಿ ಒಟಿಪಿಯನ್ನಾಗಲಿ ಎಂದೂ ಕೇಳುವುದಿಲ್ಲ’ ಎಂಬ ಸಾಲು ಪ್ರತಿ ಪ್ರಶ್ನೆಯ ಕೆಳಗೂ ಇರಲಿ.

ಇಷ್ಟೆಲ್ಲ ಮಾಡಿದರೆ ಪುಸ್ತಕ ಮಾರಾಟ ಹೆಚ್ಚುತ್ತದೆಯೇ ಎಂದು ಕೇಳುವವರಿಗೆ ‘ಹೌದು’ ಎಂದು ಎದೆತಟ್ಟಿ ಹೇಳುವ ಆಧಾರ ಪ್ರಯೋಗಶಾಲೆಯ ಅಧ್ಯಯನಗಳಲ್ಲಿಲ್ಲ. ಅವು ಕುತೂಹಲವನ್ನೂ ನೆನಪನ್ನೂ ಅಳೆದವು, ಗಲ್ಲಾಪೆಟ್ಟಿಗೆಯನ್ನಲ್ಲ. ಅಳೆಯುವ ಕೆಲಸ ಅಂಗಡಿಯದೇ, ಅದಕ್ಕೆ ಕೌಂಟರಿನಲ್ಲಿ ಒಂದು ನೋಟ್‌ಬುಕ್ ಸಾಕು. ಬಂದ ಉತ್ತರಗಳ ಒಟ್ಟು ಸಂಖ್ಯೆಯಿಂದ ಬಹಳ ತಿಳಿಯುವುದಿಲ್ಲ. ಬಹುಮಾನ ಬೇಟೆಗಾರರೂ ಅದರಲ್ಲಿರುತ್ತಾರೆ. ಪ್ರಶ್ನೆ ನೋಡಿದವರಲ್ಲಿ ಎಷ್ಟು ಜನ ಮರುದಿನ ಉತ್ತರವನ್ನೂ ನೋಡಿದರು ಎಂಬುದು ಮೊದಲ ಅಂಕಿ. ಪ್ರಶ್ನೆಯನ್ನು 600 ಜನ ನೋಡಿ ಉತ್ತರವನ್ನು 80 ಜನ ನೋಡಿದ್ದರೆ ಹೊತ್ತು ತಪ್ಪಿದೆ ಅಥವಾ ಪ್ರಶ್ನೆ ಯಾರನ್ನೂ ಕಚ್ಚಿಲ್ಲ. ತಪ್ಪುತ್ತರಗಳ ಪಾಲು ಎರಡನೆಯದು. ಎಲ್ಲರೂ ಸರಿ ಹೇಳಿದ್ದರೆ ಪ್ರಶ್ನೆ ಹಗುರ, ಒಬ್ಬರೂ ಹೇಳದಿದ್ದರೆ ಭಾರ, ಹೆಚ್ಚುಕಡಿಮೆ ಅರ್ಧ ತಪ್ಪಿದ್ದರೆ ಹದ. ಮೂರನೆಯದು ಭಾನುವಾರ, ಸೋಮವಾರ ಆ ಪುಸ್ತಕವನ್ನು ಹೆಸರು ಹಿಡಿದು ಕೇಳಿದವರು ಎಷ್ಟು ಎಂಬುದು. ರಸಪ್ರಶ್ನೆ ಇಲ್ಲದ ವಾರಗಳ ಲೆಕ್ಕವೂ ಪಕ್ಕದಲ್ಲಿದ್ದರೆ ಮಾತ್ರ ಇದಕ್ಕೆ ಅರ್ಥ. ಆದ್ದರಿಂದ ತಿಂಗಳಿಗೊಂದು ವಾರ ಬೇಕೆಂದೇ ಬಿಡುವು ಕೊಡಬೇಕು.

ಆ ನೋಟ್‌ಬುಕ್ಕಿನಲ್ಲಿ ಸರಿಯುತ್ತರಗಳಿಗಿಂತ ತಪ್ಪುತ್ತರಗಳನ್ನು ಹೆಚ್ಚು ಜೋಪಾನವಾಗಿ ಬರೆದಿಡಬೇಕು. ಹಾರ್ಟ್ ಲ್ಯಾಂಪ್ ಪ್ರಶ್ನೆಗೆ ಬಂದ 60 ಉತ್ತರಗಳಲ್ಲಿ 35 ಜನ ಹತ್ತು ವರ್ಷಕ್ಕಿಂತ ಕಡಿಮೆ ಹೇಳಿದ್ದಾರೆ ಎಂದುಕೊಳ್ಳಿ. ಅಂದರೆ ಪ್ರಶಸ್ತಿಯ ಸುದ್ದಿ ಅವರನ್ನು ತಲುಪಿದೆ, ಅದರ ಹಿಂದಿನ ಮೂರು ದಶಕದ ಬರವಣಿಗೆ ತಲುಪಿಲ್ಲ. ಅಂಗಡಿಯಲ್ಲಿ ಇಂಗ್ಲಿಷ್ ಪುಸ್ತಕ ಬಾಗಿಲ ಬಳಿಯ ಮೇಜಿನ ಮೇಲೆ, ಕನ್ನಡದ ಸಂಕಲನಗಳು ಒಳಗಿನ ಕಪಾಟಿನ ಕೆಳಸಾಲಿನಲ್ಲಿ ಇದ್ದರೆ ಕಾರಣ ಅಲ್ಲೇ ಕಣ್ಣೆದುರಿಗಿದೆ. ಸೋಮವಾರ ಬೆಳಿಗ್ಗೆ ಅವುಗಳನ್ನು ಒಂದೇ ಮೇಜಿಗೆ ತರುವುದು ಅರ್ಧ ಗಂಟೆಯ ಕೆಲಸ. ಮುಗಿದಿರುವ ಪ್ರತಿಗಳಿಗೆ ಪ್ರಕಾಶಕರಿಗೊಂದು ಫೋನು ಮಾಡಬೇಕು. ಮುಂದಿನ ಶುಕ್ರವಾರದ ಪ್ರಶ್ನೆಯನ್ನು ಆ ಸಂಕಲನಗಳಿಂದಲೇ ತೆಗೆಯಬಹುದು.